ಪಟ್ಟೆ ಫ್ರಾಕಿನ ಪೋಸ್ಟರ್: ಚಿತ್ರ ಮಾಡುವ ಆ್ಯಪ್‌ಗೆ ಹೇಗೆ ಬರೆದರೆ ಅರ್ಥವಾಗುತ್ತದೆ?

ಸೂಜಿದಾರ

ಎಲ್ಲರಿಗೂ ನಮಸ್ಕಾರ. ನನ್ನದು ಹೊಲಿಗೆ ಅಂಗಡಿ, ಮಕ್ಕಳ ಬಟ್ಟೆಯ ಕೆಲಸವೇ ಹೆಚ್ಚು. ಬಾಗಿಲ ಪಕ್ಕದ ಗೋಡೆಗೆ ಪೋಸ್ಟರ್ ಹಾಕಬೇಕೆಂದು, ಬರೆದು ಕೊಟ್ಟರೆ ಚಿತ್ರ ಮಾಡಿಕೊಡುವ ಆ್ಯಪ್ ಬಳಸುತ್ತಿದ್ದೇನೆ. ನನಗೆ ಬೇಕಾಗಿರುವುದು ನಾನು ಹೊಲಿಯುವ ಒಂದು ಪಟ್ಟೆ ಫ್ರಾಕಿನ ಚಿತ್ರ. ಮೇಲಿನ ಯೋಕ್‌ನಲ್ಲಿ ಪಟ್ಟೆ ಅಡ್ಡಕ್ಕೆ, ಕೆಳಗಿನ ಘೇರು ಕ್ರಾಸ್ ಕಟಿಂಗ್, ನಡುವಿನ ಹೊಲಿಗೆಯಲ್ಲಿ ಎರಡೂ ಕಡೆಯ ಪಟ್ಟೆ ಕೂಡಬೇಕು. ಗುಂಡಿ ಹಿಂದೆ, ಮುಂದೆ ಏನೂ ಇಲ್ಲ. ಹೀಗೆ ಬರೆದುಕೊಟ್ಟೆ:

```
ಸುಂದರವಾದ ಪೋಸ್ಟರ್, ಮಕ್ಕಳ ಫ್ರಾಕ್, ನೀಲಿ ಬಿಳಿ ಪಟ್ಟೆ,
ಘೇರು ಕ್ರಾಸ್ ಕಟಿಂಗ್, ಉದ್ದ 24 ಇಂಚು,
ಪಫ್ ತೋಳು 5 ಇಂಚು, ಮುಂದೆ ಗುಂಡಿ ಬೇಡ
```

ಬಂದದ್ದರಲ್ಲಿ ಫ್ರಾಕ್ ಪಾದದವರೆಗೆ ಇಳಿದಿದೆ, ತೋಳು ಮಣಿಕಟ್ಟಿನ ತನಕ ಇದೆ, ಎದೆಯ ಮೇಲೆ ಸಾಲಾಗಿ ಗುಂಡಿಗಳು. ಪಟ್ಟೆ ಕುತ್ತಿಗೆಯಿಂದ ಅಂಚಿನವರೆಗೆ ನೆಟ್ಟಗೆ ಕೆಳಗಿಳಿದಿದೆ. ಮೇಲ್ಗಡೆ ಯಾವ ಭಾಷೆಯೂ ಅಲ್ಲದ ಅಕ್ಷರಗಳು. ಅಳತೆ ಇಷ್ಟು ಸ್ಪಷ್ಟವಾಗಿ ಕೊಟ್ಟರೂ ಹೀಗೇಕೆ?

ಹಳೇಕತ್ತರಿ

ಅಮ್ಮಾ, ಕ್ರಾಸ್ ಕಟಿಂಗ್‌ನಲ್ಲಿ ಪಟ್ಟೆ ಕೂಡಿಸುವುದು ಕಷ್ಟವೇನಲ್ಲ. ಬಟ್ಟೆ ಸ್ವಲ್ಪ ಜಾಸ್ತಿ ತೆಗೆದುಕೊಳ್ಳಿ. ಎರಡು ಪದರ ಒಟ್ಟಿಗೆ ಕತ್ತರಿಸುವುದಾದರೆ ಕೆಳಗಿನ ಪಟ್ಟೆಯ ಮೇಲೆ ಮೇಲಿನ ಪಟ್ಟೆ ಸರಿಯಾಗಿ ಕೂತಿದೆಯಾ ಅಂತ ಗುಂಡುಪಿನ್ನು ಚುಚ್ಚಿ ನೋಡಿಕೊಳ್ಳಿ. ಎಡದ ತುಂಡು ಬಲದ ತುಂಡಿನ ಕನ್ನಡಿ ಬಿಂಬದ ಹಾಗಿರಬೇಕು. ಒಂದೇ ದಿಕ್ಕಿಗೆ ಎರಡು ತುಂಡು ಕತ್ತರಿಸಿದರೆ ನಡುವೆ ‘ವಿ’ ಆಕಾರ ಬರುವುದೇ ಇಲ್ಲ, ಪಟ್ಟೆ ಒಂದೇ ಕಡೆಗೆ ಓಡುತ್ತದೆ. ಹೊಲಿಯುವ ಮುಂಚೆ ಕಚ್ಚಾ ಹಾಕಿ. ಕ್ರಾಸ್ ಬಟ್ಟೆ ಎಳೆದ ಕಡೆಗೆ ಹಿಗ್ಗುತ್ತದೆ, ಮೆಷಿನ್ ಕಾಲಿನ ಕೆಳಗೆ ಅರ್ಧ ಪಟ್ಟೆ ಜಾರಿಬಿಡುತ್ತದೆ.

ಸೂಜಿದಾರ

ಸರ್, ಹೊಲಿಗೆ ಗೊತ್ತಿದೆ, ಫ್ರಾಕ್ ಹೊಲಿದು ಅಂಗಡಿಯಲ್ಲಿ ತೂಗುಹಾಕಿದ್ದೇನೆ. ಚಿತ್ರದಲ್ಲಿ ಅದು ಬರುತ್ತಿಲ್ಲ ಅನ್ನುವುದೇ ನನ್ನ ಪ್ರಶ್ನೆ.

ಮಿಂಚುಳ್ಳಿ

ಕನ್ನಡದಲ್ಲಿ ಬರೆದಿದ್ದೇ ಸಮಸ್ಯೆ. ಇಂಗ್ಲಿಷಿನಲ್ಲಿ ಬರೆಯಿರಿ. ಕೊನೆಗೆ ‘8ಕೆ’, ‘ಮಾಸ್ಟರ್‌ಪೀಸ್’, ‘ಅಲ್ಟ್ರಾ ಡೀಟೇಲ್’ ಅಂತ ಸೇರಿಸಿ. ಗುಂಡಿ ಬೇಡ ಅನ್ನುವುದನ್ನು ನೆಗೆಟಿವ್ ಪ್ರಾಂಪ್ಟ್ ಪೆಟ್ಟಿಗೆಯಲ್ಲಿ ಹಾಕಬೇಕು. ಅಷ್ಟು ಮಾಡಿದರೆ ಎಲ್ಲ ಸರಿಯಾಗುತ್ತದೆ.

ರೇಖೆಬಣ್ಣ

ಮಿಂಚುಳ್ಳಿಯವರು ಹೇಳಿದ್ದರಲ್ಲಿ ಎರಡು ಮಾತು ನಿಜ. ಕೆಲವು ಆ್ಯಪ್‌ಗಳು ಇಂಗ್ಲಿಷ್ ವಿವರಣೆಯನ್ನು ಚೆನ್ನಾಗಿ ಹಿಡಿಯುತ್ತವೆ, ಏಕೆಂದರೆ ಅವು ಕಲಿತ ಚಿತ್ರಗಳ ಜೊತೆಗಿದ್ದ ಸಾಲುಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು. ನೆಗೆಟಿವ್ ಪೆಟ್ಟಿಗೆ ಇರುವ ಆ್ಯಪ್‌ಗಳಲ್ಲಿ ಅದೂ ಉಪಯೋಗಕ್ಕೆ ಬರುತ್ತದೆ, ಆದರೆ ಎಲ್ಲದರಲ್ಲೂ ಆ ಪೆಟ್ಟಿಗೆ ಇರುವುದಿಲ್ಲ. ‘8ಕೆ’ ಅಂತ ಬರೆದರೆ ಚಿತ್ರದ ಪಿಕ್ಸೆಲ್ ಒಂದೂ ಹೆಚ್ಚುವುದಿಲ್ಲ. ಹೊಳಪು ಬದಲಾಗಬಹುದು, ಪಟ್ಟೆಯ ದಿಕ್ಕಂತೂ ಬದಲಾಗುವುದಿಲ್ಲ.

ಸೂಜಿದಾರ ಅವರೇ, ನೀವು ಬರೆದದ್ದು ಕಟಿಂಗ್ ಮಾಸ್ಟರ್‌ಗೆ ಕೊಡುವ ಚೀಟಿ. ಅದನ್ನು ಓದಿ ಇನ್ನೊಬ್ಬ ಟೈಲರ್ ಫ್ರಾಕ್ ಹೊಲಿಯಬಹುದು. ಈ ಆ್ಯಪ್ ಕಲಿತಿರುವುದು ಚಿತ್ರ ಮತ್ತು ಆ ಚಿತ್ರದ ಬಗ್ಗೆ ಯಾರೋ ಬರೆದ ಒಂದೆರಡು ಸಾಲು, ಇವೆರಡನ್ನು ಜೋಡಿಯಾಗಿ ನೋಡಿ. ಚಿತ್ರ ನೋಡಿದವರು ‘ಮೊಣಕಾಲಿನವರೆಗಿನ ನೀಲಿ ಫ್ರಾಕ್’ ಅಂತ ಬರೆದಿರುತ್ತಾರೆ, ಟೇಪು ಹಿಡಿದು 24 ಇಂಚು ಅಂತ ಯಾರೂ ಬರೆದಿರುವುದಿಲ್ಲ. ಚಿತ್ರದೊಳಗೆ ಇಂಚು ಅನ್ನುವುದೇ ಇಲ್ಲ. ಅದೇ 24 ಇಂಚು ಚಿಕ್ಕ ಮಗುವಿಗೆ ಪಾದ ಮುಟ್ಟುತ್ತದೆ, ದೊಡ್ಡ ಹುಡುಗಿಗೆ ಮೊಣಕಾಲಿನ ಮೇಲೇ ನಿಲ್ಲುತ್ತದೆ. ಆದ್ದರಿಂದ ಅಂಚು ದೇಹದ ಮೇಲೆ ಎಲ್ಲಿ ನಿಲ್ಲುತ್ತದೆ ಅಂತ ಹೇಳಿ. ತೋಳು ಮೊಣಕೈಗಿಂತ ಮೇಲೆ ಎಷ್ಟು ದೂರ, ಫ್ರಾಕ್ ಮೊಣಕಾಲಿಗೆ ಮೇಲೋ ಕೆಳಗೋ ಅಂತ.

‘ಕ್ರಾಸ್ ಕಟಿಂಗ್’ ಸೋತದ್ದಕ್ಕೂ ಇದೇ ಕಾರಣ. ಅದು ನೀವು ಮೇಜಿನ ಮೇಲೆ ಮಾಡುವ ಕೆಲಸದ ಹೆಸರು. ಕೆಲಸ ಮುಗಿದ ಮೇಲೆ ಕಣ್ಣಿಗೆ ಏನು ಕಾಣುತ್ತದೆ? ಹಳೇಕತ್ತರಿಯವರು ಈಗಷ್ಟೇ ಹೇಳಿದರಲ್ಲ, ‘ವಿ’ ಆಕಾರ ಅಂತ. ಅದನ್ನೇ ಬರೆಯಿರಿ.

ಇನ್ನು ‘ಗುಂಡಿ ಬೇಡ’. ಬೇಡ ಅನ್ನುವ ಮಾತಿಗಿಂತ ಗುಂಡಿ ಅನ್ನುವ ಮಾತಿಗೇ ಇವು ಹೆಚ್ಚು ಓಗೊಡುತ್ತವೆ, ಏಕೆಂದರೆ ಚಿತ್ರದ ಕೆಳಗಿನ ವಿವರಣೆಯಲ್ಲಿ ಜನ ಇರುವುದನ್ನು ಬರೆಯುತ್ತಾರೆ, ಇಲ್ಲದ್ದನ್ನಲ್ಲ. ಹೊಸ ಆ್ಯಪ್‌ಗಳು ಇದರಲ್ಲಿ ಸುಧಾರಿಸಿವೆ, ಆದರೂ ನಂಬಿ ಕೂರಬೇಡಿ. ಗುಂಡಿಯ ಜಾಗದಲ್ಲಿ ಏನು ಕಾಣಬೇಕೋ ಅದನ್ನು ಹೇಳಿ.

‘ಪೋಸ್ಟರ್’ ಅನ್ನುವ ಪದವನ್ನೂ ತೆಗೆಯಿರಿ. ಪೋಸ್ಟರ್ ಅಂದರೆ ಅಕ್ಷರ ಇರುವ ಕಾಗದ ಅಂತಲೇ ಅದಕ್ಕೆ ಗೊತ್ತು, ಹಾಗಾಗಿ ನೀವು ಕೇಳದಿದ್ದರೂ ಅಕ್ಷರದಂಥದ್ದೇನೋ ಗೀಚುತ್ತದೆ. ನಿಮಗೆ ಬೇಕಾಗಿರುವುದು ಫ್ರಾಕಿನ ಒಂದು ಫೋಟೋ, ಮೇಲ್ಗಡೆ ಖಾಲಿ ಗೋಡೆ. ಬರಹ ಆಮೇಲೆ ಬೇರೆ ಆ್ಯಪ್‌ನಲ್ಲಿ ಹಾಕಿ. ಕನ್ನಡದ ಒತ್ತಕ್ಷರ ಇವುಗಳಲ್ಲಿ ಹಲವಕ್ಕೆ ಸರಿಯಾಗಿ ಒಲಿದಿಲ್ಲ.

ಚಪ್ಪಲಿಜೋಡಿ

ನನ್ನ ಕಥೆಯೂ ಇದೇ. ನಾನು ಚಪ್ಪಲಿ ಮಾರುವವನು. ‘ಒಂದು ಜೊತೆ ಚಪ್ಪಲಿ’ ಅಂತ ಕೇಳಿದರೆ ಎರಡೂ ಎಡಗಾಲಿನದ್ದೇ ಕೊಡುತ್ತದೆ. ದೂರದಿಂದ ನೋಡಿದವರಿಗೆ ಗೊತ್ತೂ ಆಗುವುದಿಲ್ಲ, ಗಿರಾಕಿಗೆ ಗೊತ್ತಾಗುತ್ತದೆ. ‘ಎಡಗಾಲಿನದು ಎಡಕ್ಕೆ, ಬಲಗಾಲಿನದು ಬಲಕ್ಕೆ’ ಅಂದರೂ ಕೆಲವೊಮ್ಮೆ ಬರುತ್ತದೆ, ಕೆಲವೊಮ್ಮೆ ಇಲ್ಲ. ಇದಕ್ಕೇನಾದರೂ ದಾರಿ ಇದೆಯಾ?

ರೇಖೆಬಣ್ಣ

ಚಪ್ಪಲಿಜೋಡಿ, ‘ಹೆಬ್ಬೆರಳಿನ ಕಡೆಯ ಅಂಚುಗಳು ಒಂದಕ್ಕೊಂದು ಪಕ್ಕದಲ್ಲಿ, ಕಿರುಬೆರಳಿನ ಕಡೆ ಹೊರಕ್ಕೆ’ ಅಂತ ಪ್ರಯತ್ನಿಸಿ. ಅದೂ ಖಾತ್ರಿಯಲ್ಲ. ಎಡ ಬಲದ ವಿಷಯದಲ್ಲಿ ಇವು ತಡವರಿಸುತ್ತವೆ. ಒಂದೇ ಚಪ್ಪಲಿ ಮಾಡಿಸಿ, ಫೋಟೋ ಆ್ಯಪ್‌ನಲ್ಲಿ ಅದರ ಪ್ರತಿ ತೆಗೆದು ಕನ್ನಡಿ ಬಿಂಬದ ಹಾಗೆ ತಿರುಗಿಸಿ ಪಕ್ಕದಲ್ಲಿಟ್ಟರೆ ಕೆಲಸ ಬೇಗ ಮುಗಿಯುತ್ತದೆ. ನೆರಳು ಮಾತ್ರ ಎರಡರದ್ದೂ ಒಂದೇ ಕಡೆಗಿರುವಂತೆ ಸರಿಮಾಡಬೇಕು.

ಸೂಜಿದಾರ

ರೇಖೆಬಣ್ಣ ಸರ್, ನಿಮ್ಮ ಮಾತು ಓದಿ ಫ್ರಾಕನ್ನು ಎದುರಿಗೆ ತೂಗುಹಾಕಿ, ಟೇಪು ಪಕ್ಕಕ್ಕಿಟ್ಟು, ಕಂಡದ್ದನ್ನು ಮೇಲಿನಿಂದ ಕೆಳಗೆ ಬರೆದುಕೊಂಡೆ. ಹ್ಯಾಂಗರ್‌ನಲ್ಲಿ ಮೊಣಕೈ ಇಲ್ಲ, ಮೊಣಕಾಲಿಲ್ಲ. ಹಾಗಾಗಿ ಬಟ್ಟೆಯ ಒಂದು ಭಾಗವನ್ನು ಇನ್ನೊಂದಕ್ಕೆ ಹೋಲಿಸಿ ಹೇಳಬೇಕಾಯಿತು. ತೋಳಿನ ತುದಿ ಯೋಕ್ ಮುಗಿಯುವ ಗೆರೆಯ ಮಟ್ಟಕ್ಕೇ ನಿಲ್ಲುತ್ತದೆ. ಘೇರಿನ ಉದ್ದ ಯೋಕ್‌ನ ಎರಡರಷ್ಟು.

```
ಮರದ ಹ್ಯಾಂಗರ್‌ನಲ್ಲಿ ತೂಗುಹಾಕಿದ ಮಕ್ಕಳ ಹತ್ತಿ ಫ್ರಾಕ್,
ನೇರ ಎದುರಿನಿಂದ ತೆಗೆದ ಫೋಟೋ, ಇಡೀ ಫ್ರಾಕ್ ಕಾಣುವಂತೆ.
ಬಿಳಿ ದುಂಡು ಕಾಲರ್. ಯೋಕ್‌ನಲ್ಲಿ ಅಡ್ಡ ನೀಲಿ ಬಿಳಿ ಪಟ್ಟೆ,
ಕಾಲರ್‌ನಿಂದ ಸೊಂಟದವರೆಗೆ ಬರೀ ಪಟ್ಟೆಯ ಬಟ್ಟೆ.
ಉಬ್ಬಿದ ಗಿಡ್ಡ ತೋಳು, ತುದಿ ಸೊಂಟದ ಗೆರೆಯ ಮಟ್ಟಕ್ಕೆ.
ಘೇರು ಯೋಕ್‌ನ ಎರಡರಷ್ಟು ಉದ್ದ, ಓರೆ ಪಟ್ಟೆಗಳು ನಡುವಿನ
ನೇರ ಹೊಲಿಗೆಯಲ್ಲಿ ಕೂಡಿ ಕೆಳಮುಖ ‘ವಿ’ ಆಗುತ್ತವೆ.
ಚಿತ್ರದ ಮೇಲಿನ ಮೂರನೇ ಒಂದು ಭಾಗ ತಿಳಿ ಹಳದಿ ಖಾಲಿ ಗೋಡೆ.
```

ತೋಳು, ಉದ್ದ, ಕಾಲರ್ ಎಲ್ಲ ಸರಿ ಬಂತು. ಗುಂಡಿ ಮಾಯ, ಅಕ್ಷರವೂ ಇಲ್ಲ. ‘ವಿ’ ಕೂಡ ಬಂದಿದೆ. ಚಿತ್ರ ಹಾಕಿದ್ದೇನೆ ನೋಡಿ. ಆದರೆ ಏನೋ ಸರಿಯಿಲ್ಲ ಅನ್ನಿಸುತ್ತಿದೆ.

ಮಿಂಚುಳ್ಳಿ

ಅದ್ಭುತವಾಗಿದೆ! ಇನ್ನೇನು ಬೇಕು? ಪ್ರಿಂಟ್ ಹಾಕಿಸಿಬಿಡಿ.

ಹಳೇಕತ್ತರಿ

ಈಗ ಅರ್ಥವಾಯಿತು ನೀವು ಕೇಳಿದ್ದು. ಚಿತ್ರ ದೊಡ್ಡದು ಮಾಡಿ ನೋಡಿದೆ. ಈ ಫ್ರಾಕನ್ನು ಯಾರೂ ಹೊಲಿಯಲಾಗುವುದಿಲ್ಲ.

ಸೊಂಟದಿಂದ ಒಂದು ನೀಲಿ ಪಟ್ಟೆಯ ಮೇಲೆ ಬೆರಳಿಟ್ಟು ಕೆಳಗೆ ಬನ್ನಿ. ಎಡಗಡೆ ಮೂರನೆಯ ಪಟ್ಟೆ ಅರ್ಧ ದಾರಿಯಲ್ಲಿ ಎರಡಾಗಿ ಸೀಳುತ್ತದೆ. ಒಂದೇ ಥಾನಿನ ಬಟ್ಟೆಯಲ್ಲಿ ಪಟ್ಟೆ ಹುಟ್ಟುವುದೂ ಇಲ್ಲ, ಸೀಳುವುದೂ ಇಲ್ಲ. ನಡುವಿನ ಹೊಲಿಗೆಗೆ ಎಡದಿಂದ ಬರುವ ಪಟ್ಟೆಗಳನ್ನು ಎಣಿಸಿ, ಬಲದಿಂದ ಬರುವುದನ್ನೂ ಎಣಿಸಿ. ಎಡಗಡೆ ಒಂದು ಜಾಸ್ತಿ ಇದೆ. ಇಷ್ಟರ ಮೇಲೆ ಆ ಹೊಲಿಗೆ ಅಂಚಿನ ತನಕ ಹೋಗುವುದೇ ಇಲ್ಲ, ಬಟ್ಟೆಯ ನಡುವೆಯೇ ಕಾಣೆಯಾಗಿದೆ. ಎರಡು ತುಂಡು ಕೂಡಿಸುವ ಹೊಲಿಗೆ ಅಂದಮೇಲೆ ಅದು ಇನ್ನೊಂದು ಹೊಲಿಗೆಗೋ ಅಂಚಿಗೋ ಹೋಗಿ ಮುಟ್ಟಲೇಬೇಕು.

ಬಲಗಡೆ ತೋಳು ನೋಡಿ. ಪಫ್‌ನ ನೆರಿಗೆ ಇದೆ, ಆದರೆ ತೋಳನ್ನು ಮೈಗೆ ಕೂಡಿಸಿದ ಆರ್ಮ್‌ಹೋಲ್ ಗೆರೆ ಇಲ್ಲ. ನೆರಿಗೆ ನಿಲ್ಲುವುದೇ ಆ ಹೊಲಿಗೆಯಲ್ಲಿ. ಅದಿಲ್ಲದೆ ನೆರಿಗೆ ಯಾವುದನ್ನು ಹಿಡಿದು ನಿಂತಿದೆ?

ಸೂಜಿದಾರ

ಸರ್, ಇದೇ! ನನಗೆ ಅನ್ನಿಸುತ್ತಿದ್ದುದು ಇದೇ, ಹೇಳಲು ಆಗುತ್ತಿರಲಿಲ್ಲ. ಗಿರಾಕಿ ಪೋಸ್ಟರ್ ತೋರಿಸಿ ‘ಹೀಗೇ ಹೊಲಿದುಕೊಡಿ’ ಅಂದರೆ ನಾನು ಏನು ಮಾಡಲಿ?

ರೇಖೆಬಣ್ಣ

ಹಳೇಕತ್ತರಿಯವರ ಕಣ್ಣಿಗೆ ನಮಸ್ಕಾರ. ಚಿತ್ರ ಬಿಡಿಸುವ ನನಗೆ ಪಟ್ಟೆ ಸೀಳಿದ್ದು ಕಂಡಿತ್ತು, ಆರ್ಮ್‌ಹೋಲ್ ಕಂಡಿರಲಿಲ್ಲ.

ಬರೆದೇ ಸರಿಪಡಿಸಬಹುದಾದದ್ದು ತೋಳು. ‘ತೋಳು ಭುಜಕ್ಕೆ ಕೂಡುವಲ್ಲಿ ದುಂಡನೆಯ ಹೊಲಿಗೆ ಗೆರೆ, ಆ ಗೆರೆಯಿಂದ ಸಣ್ಣ ನೆರಿಗೆಗಳು ಹೊರಕ್ಕೆ ಹರಡಿವೆ’ ಅಂತ ಸೇರಿಸಿ. ಸೇರಿಸುವಾಗ ಉಳಿದ ಯಾವ ಪದವನ್ನೂ ಮುಟ್ಟಬೇಡಿ. ಆ್ಯಪ್‌ನಲ್ಲಿ ಸೀಡ್ ಅನ್ನುವ ಸಂಖ್ಯೆ ಇದ್ದರೆ ಅದನ್ನೂ ಹಾಗೇ ಇಡಿ. ಇಂಥ ಬಹಳಷ್ಟು ಆ್ಯಪ್‌ಗಳಲ್ಲಿ ಚಿತ್ರ ಚುಕ್ಕೆ ಚುಕ್ಕೆಯ ಗೊಂದಲದಿಂದ ಶುರುವಾಗಿ ಹಂತ ಹಂತವಾಗಿ ತಿಳಿಯಾಗುತ್ತಾ ಬರುತ್ತದೆ. ಶುರುವಿನ ಆ ಗೊಂದಲ ಯಾವುದು ಅಂತ ಗುರುತಿಸುವ ಸಂಖ್ಯೆ ಸೀಡ್. ಅದು ಬದಲಾದರೆ ಫ್ರಾಕೇ ಬದಲಾಗುತ್ತದೆ, ಆಗ ನಿಮ್ಮ ಹೊಸ ಸಾಲಿನಿಂದ ಬದಲಾದದ್ದು ಯಾವುದು ಅಂತ ತಿಳಿಯುವುದಿಲ್ಲ. ಇನ್ನೂ ಒಂದು ವಿಷಯ: ಕೆಲವು ಆ್ಯಪ್‌ಗಳು ನೀವು ಬರೆದದ್ದನ್ನು ಒಳಗೊಳಗೇ ಉದ್ದ ಮಾಡಿ ಬರೆದುಕೊಂಡು ಆಮೇಲೆ ಚಿತ್ರ ಮಾಡುತ್ತವೆ. ನೀವು ಕೇಳದ ಲೇಸು, ರಿಬ್ಬನ್ನು ಬರುವುದು ಅಲ್ಲಿಂದಲೂ ಇರಬಹುದು. ತಿದ್ದಿದ ಬರಹ ತೋರಿಸುವ ಜಾಗ ಇದ್ದರೆ ಒಮ್ಮೆ ಓದಿ.

ಪಟ್ಟೆಯ ಎಣಿಕೆ ಮಾತ್ರ ಬರೆದು ಗೆಲ್ಲುವ ಕೆಲಸ ಅಲ್ಲ ಅಂತ ನನ್ನ ಅನುಭವ. ‘ಎರಡೂ ಕಡೆ 9 ಪಟ್ಟೆ’ ಅಂತ ಬರೆದರೂ ಅದು ಎಣಿಸುವುದಿಲ್ಲ. ಪಟ್ಟೆಯಂತೆ ಕಾಣುವ ಮೇಲ್ಮೈಯನ್ನು ಮಾಡುತ್ತದೆ ಅಷ್ಟೆ, ನೂಲು ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವ ಲೆಕ್ಕ ಇಡುವುದಿಲ್ಲ.

ನೇರಮಾತು

ನನಗೊಂದು ಸಂದೇಹ. ಫ್ರಾಕ್ ಹೊಲಿದು ತೂಗುಹಾಕಿದ್ದೇನೆ ಅಂತ ಅವರೇ ಬರೆದಿದ್ದಾರೆ. ಹಾಗಿದ್ದಮೇಲೆ ಇಲ್ಲದ ಫ್ರಾಕಿನ ಚಿತ್ರ ಏಕೆ? ಹೊಲಿಗೆ ಅಂಗಡಿಯವರು ಹೊಲಿಯದ ಬಟ್ಟೆಯನ್ನು ಪೋಸ್ಟರ್‌ನಲ್ಲಿ ತೋರಿಸಬಾರದು ಅಂತ ನನ್ನ ಅಭಿಪ್ರಾಯ. ಗಿರಾಕಿ ನಂಬುವುದೇ ಆ ಕೈಕೆಲಸವನ್ನು.

ಮಿಂಚುಳ್ಳಿ

ಜಾಹೀರಾತು ಅಂದಮೇಲೆ ಸ್ವಲ್ಪ ಚಂದ ಮಾಡಿಯೇ ತೋರಿಸುತ್ತಾರೆ. ‘ಚಿತ್ರ ಮಾದರಿಗೆ ಮಾತ್ರ’ ಅಂತ ಕೆಳಗೆ ಹಾಕಿದರೆ ಸಾಕಲ್ಲವೇ?

ಹಳೇಕತ್ತರಿ

ಸಾಲುವುದಿಲ್ಲ. ಆ ಸಾಲು ಯಾರೂ ಓದುವುದಿಲ್ಲ, ಚಿತ್ರವನ್ನು ಎಲ್ಲರೂ ನೋಡುತ್ತಾರೆ.

ರೇಖೆಬಣ್ಣ

ನೇರಮಾತು ಅವರ ಪ್ರಶ್ನೆಯೇ ದಾರಿ ತೋರಿಸುತ್ತಿದೆ. ಫ್ರಾಕ್ ನಿಮ್ಮದೇ ಇರಲಿ, ಅದರ ಫೋಟೋ ತೆಗೆಯಿರಿ. ಆ ಫೋಟೋವನ್ನು ಆ್ಯಪ್‌ಗೆ ಕೊಟ್ಟು, ಫ್ರಾಕ್ ಮತ್ತು ಹ್ಯಾಂಗರ್ ಬಿಟ್ಟು ಉಳಿದ ಜಾಗವನ್ನೆಲ್ಲ ಬ್ರಶ್‌ನಿಂದ ಬಳಿದು ಗುರುತು ಮಾಡಿ, ಅಷ್ಟನ್ನೇ ಹೊಸದಾಗಿ ಮಾಡು ಅನ್ನಿ. ಗುರುತು ಮಾಡಿ ತುಂಬಿಸುವ ಸೌಲಭ್ಯ ಬಹಳಷ್ಟು ಆ್ಯಪ್‌ಗಳಲ್ಲಿದೆ. ಬಳಿಯುವಾಗ ಅಂಚು ದಾಟಿ ಬಟ್ಟೆಯ ಒಳಗೆ ಹೋಗಬೇಡಿ, ಹೋದಷ್ಟು ಬಟ್ಟೆಯನ್ನು ಅದು ತನ್ನದಾಗಿ ಮಾಡಿಬಿಡುತ್ತದೆ. ಗುರುತಿನ ಹೊರಗಿದ್ದ ಬಟ್ಟೆಯನ್ನೂ ಕೆಲವು ಆ್ಯಪ್‌ಗಳು ಸ್ವಲ್ಪ ತಿದ್ದಿಬಿಡುತ್ತವೆ. ಹಾಗಾಗಿ ಮೂಲ ಫೋಟೋ ಪಕ್ಕದಲ್ಲಿಟ್ಟುಕೊಂಡು ಹೋಲಿಸಿ ನೋಡಿ.

ಆಗ ನೀವು ವಿವರಿಸಬೇಕಾದದ್ದು ಬಟ್ಟೆಯನ್ನಲ್ಲ, ಅದರ ಸುತ್ತಲಿನ ಬೆಳಕನ್ನು. ಫೋಟೋದಲ್ಲಿ ಬೆಳಕು ಯಾವ ಕಡೆಯಿಂದ ಬಿದ್ದಿದೆಯೋ ಹಿನ್ನೆಲೆಯಲ್ಲೂ ಆ ಕಡೆಯಿಂದಲೇ ಬರಬೇಕು. ಇಲ್ಲದಿದ್ದರೆ ಫ್ರಾಕನ್ನು ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ.

ಸೂಜಿದಾರ

ಮಾಡಿದೆ. ಫ್ರಾಕಿಗೆ ಇಸ್ತ್ರಿ ಹಾಕಿ, ಕಿಟಕಿ ಎಡಕ್ಕಿರುವಂತೆ ಗೋಡೆಗೆ ತೂಗುಹಾಕಿ, ಫೋನನ್ನು ಯೋಕ್‌ನ ಮಟ್ಟಕ್ಕೆ ಹಿಡಿದು ತೆಗೆದೆ. ಮೇಲಿನಿಂದ ತೆಗೆದರೆ ಘೇರು ಗಿಡ್ಡವಾಗಿ ಕಾಣುತ್ತದೆ. ನೆರಿಗೆಗಳ ಬಲಗಡೆಯಲ್ಲಿ ನೆರಳಿದೆ, ನೆರಳಿನ ಅಂಚು ಮಸುಕು. ಅದನ್ನು ನೋಡಿಕೊಂಡೇ ಬರೆದೆ:

```
ತಿಳಿ ಹಳದಿ ಸುಣ್ಣದ ಗೋಡೆ, ಎಡಗಡೆಯ ಕಿಟಕಿಯಿಂದ ಮೃದುವಾದ
ಹಗಲು ಬೆಳಕು, ಗೋಡೆಯ ಮೇಲೆ ಫ್ರಾಕಿನ ಮಸುಕು ನೆರಳು
ಬಲಕ್ಕೆ ಬಿದ್ದಿದೆ. ಮೇಲಿನ ಮೂರನೇ ಒಂದು ಭಾಗ ಖಾಲಿ ಗೋಡೆ.
ಕೆಳಗೆ ಬಲಮೂಲೆಯಲ್ಲಿ ಮರದ ಮೇಜಿನ ಅಂಚು,
ಅದರ ಮೇಲೆ ಒಂದು ನೀಲಿ ದಾರದ ಉಂಡೆ.
```

ಗೋಡೆ, ನೆರಳು ಚೆನ್ನಾಗಿ ಕೂತಿವೆ. ಪಟ್ಟೆ ನಾನು ಹೊಲಿದ ಹಾಗೇ ಇದೆ. ಹಳೇಕತ್ತರಿ ಸರ್ ಹೇಳಿದ ಹಾಗೆ ಬೆರಳಿಟ್ಟು ಪ್ರತಿ ಪಟ್ಟೆಯನ್ನೂ ಅಂಚಿನ ತನಕ ನೋಡಿದೆ. ದಾರದ ಉಂಡೆ ಮಾತ್ರ ಮೊದಲು ಉಣ್ಣೆಯ ಉಂಡೆಯ ಹಾಗೆ ದಪ್ಪ ಬಂದಿತ್ತು. ‘ಹೊಲಿಗೆ ಮೆಷಿನ್‌ಗೆ ಹಾಕುವ ಸಣ್ಣ ರೀಲು, ತೆಳ್ಳಗಿನ ನೂಲು ಒತ್ತೊತ್ತಾಗಿ ಸುತ್ತಿದೆ’ ಅಂದ ಮೇಲೆ ಸರಿಹೋಯಿತು.

ಅಚ್ಚುಮನೆ

ಅಕ್ಕ, ನಾನು ಪ್ರಿಂಟಿಂಗ್ ಕೆಲಸದವನು. ಪ್ರಿಂಟ್‌ಗೆ ಕೊಡುವ ಮುಂಚೆ ಚಿತ್ರದ ಅಳತೆ ನೋಡಿ. 1024 × 1536 ಪಿಕ್ಸೆಲ್ ಬಂದಿದ್ದರೆ, ಎ4 ಕಾಗದದ ಅಗಲಕ್ಕೆ ಹರಡಿದಾಗ ಇಂಚಿಗೆ ಸುಮಾರು 124 ಪಿಕ್ಸೆಲ್ ಬೀಳುತ್ತದೆ. ಕೈಯಲ್ಲಿ ಹಿಡಿದು ನೋಡುವ ಕಾಗದಕ್ಕೆ ನಾವು 300 ಕೇಳುತ್ತೇವೆ, ಅಂದರೆ 2480 × 3508. ಗೋಡೆಯ ಮೇಲಿನದ್ದಕ್ಕೆ, ಒಂದೆರಡು ಮೀಟರ್ ದೂರದಿಂದ ನೋಡುವುದಾದರೆ, 124 ನಡೆಯುತ್ತದೆ. ಎ3 ಮಾಡಿಸಿದರೆ 88ಕ್ಕೆ ಇಳಿಯುತ್ತದೆ, ಪಟ್ಟೆಯ ಅಂಚು ಹಲ್ಲು ಹಲ್ಲಾಗಿ ಕಾಣಬಹುದು.

ಇನ್ನೊಂದು, ಆ ಚಿತ್ರದ ಎತ್ತರ ಅಗಲದ ಒಂದೂವರೆಯಷ್ಟು. ಎ4 ಅಷ್ಟು ಉದ್ದ ಇಲ್ಲ, 1.41 ಅಷ್ಟೆ. ಮೇಲೆ ಕೆಳಗೆ ಸೇರಿ 88 ಪಿಕ್ಸೆಲ್ ಕತ್ತರಿಸಿ ಹೋಗುತ್ತದೆ. ಅಂಗಡಿಯ ಹೆಸರನ್ನು ತೀರಾ ಅಂಚಿಗೆ ಹಾಕಬೇಡಿ.

ಮಿಂಚುಳ್ಳಿ

ದೊಡ್ಡದು ಮಾಡುವ ಆ್ಯಪ್‌ನಲ್ಲಿ ನಾಲ್ಕು ಪಟ್ಟು ಹಿಗ್ಗಿಸಿದರೆ ಆಯಿತಲ್ಲ, ಎಷ್ಟು ಬೇಕಾದರೂ ಸಿಗುತ್ತದೆ.

ಅಚ್ಚುಮನೆ

ಗೋಡೆಗೆ ಸರಿ. ಬಟ್ಟೆಗೆ ಹುಷಾರು. ಅಂಥ ಆ್ಯಪ್‌ಗಳು ಇಲ್ಲದ ವಿವರವನ್ನು ಊಹಿಸಿ ತುಂಬುತ್ತವೆ, ಹತ್ತಿಯ ನೇಯ್ಗೆ ಪ್ಲಾಸ್ಟಿಕ್‌ನಂತೆ ನುಣುಪಾಗಿ ಬಂದದ್ದನ್ನು ಬಹಳ ನೋಡಿದ್ದೇನೆ. ಅಕ್ಕನ ಹತ್ತಿರ ಫ್ರಾಕಿನ ಮೂಲ ಫೋಟೋ ಇದೆ, ಅದರಲ್ಲಿ ಪಿಕ್ಸೆಲ್ ಬೇಕಾದಷ್ಟಿರುತ್ತದೆ. ಹಿನ್ನೆಲೆಯನ್ನು ಮಾತ್ರ ಹಿಗ್ಗಿಸಿ, ಫ್ರಾಕನ್ನು ಮೂಲ ಫೋಟೋದಿಂದಲೇ ಅದರ ಮೇಲೆ ಕೂರಿಸಿ ಕೊಡಿ. ಬೇಕಾದರೆ ಎರಡೂ ಫೈಲು ಕಳುಹಿಸಿ, ಕೂರಿಸಿಕೊಡಿ ಅಂತ ನಿಮ್ಮ ಪ್ರಿಂಟರ್ ಅವರನ್ನೇ ಕೇಳಬಹುದು.

ಸೂಜಿದಾರ

ಧನ್ಯವಾದ ಅಣ್ಣ. ಎ4ರಲ್ಲೇ ಮಾಡಿಸುತ್ತೇನೆ. ಬರಹ ಖಾಲಿ ಗೋಡೆಯ ಜಾಗದಲ್ಲಿ ನಾನೇ ಟೈಪ್ ಮಾಡಿ ಹಾಕಿದೆ, ಒತ್ತಕ್ಷರ ಎಲ್ಲ ನೆಟ್ಟಗಿವೆ.

ನೇರಮಾತು

ಒಳ್ಳೆಯದಾಯಿತು. ಆದರೆ ಇನ್ನೂ ಹೊಲಿಯದ ಡಿಸೈನ್ ತೋರಿಸಬೇಕಾದಾಗ ಏನು ಮಾಡುತ್ತೀರಿ? ಗಿರಾಕಿ ಬಟ್ಟೆ ಮಾತ್ರ ತಂದು ‘ಹೇಗೆ ಕಾಣುತ್ತದೆ’ ಅಂತ ಕೇಳುವುದುಂಟಲ್ಲ.

ಸೂಜಿದಾರ

ಅದಕ್ಕೆ ಆ್ಯಪ್ ಚಿತ್ರ ಬಳಸಬಹುದು ಅಂತ ನನ್ನ ಲೆಕ್ಕ, ಅಂಗಡಿಯೊಳಗೆ ಗಿರಾಕಿಯ ಎದುರಿಗೆ ಕೂತು. ಗೋಡೆಗೆ ಹಾಕುವುದಿಲ್ಲ. ತೋಳು ಗಿಡ್ಡವೋ ಉದ್ದವೋ, ಕಾಲರ್ ದುಂಡೋ ಚೌಕವೋ ಅನ್ನುವುದಕ್ಕೆ ಅದು ಸಾಕು. ಪಟ್ಟೆ ಎಲ್ಲಿ ಕೂಡುತ್ತದೆ ಅನ್ನುವುದನ್ನು ಬಟ್ಟೆಯನ್ನೇ ಓರೆಯಾಗಿ ಮಡಚಿ ತೋರಿಸುತ್ತೇನೆ.

ಹಳೇಕತ್ತರಿ

ನಾನಾದರೆ ಅದನ್ನೂ ತೋರಿಸುವುದಿಲ್ಲ. ಒಮ್ಮೆ ಚಿತ್ರ ನೋಡಿದ ಗಿರಾಕಿಯ ಮನಸ್ಸಿನಿಂದ ಅದು ಹೋಗುವುದಿಲ್ಲ. ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಗೀಚಿ ತೋರಿಸುತ್ತೇನೆ.

ರೇಖೆಬಣ್ಣ

ಇದರಲ್ಲಿ ನಾನು ಸೂಜಿದಾರ ಅವರ ಕಡೆ. ಪೆನ್ಸಿಲ್ ಗೀಚು ಓದಲು ಬರುವ ಗಿರಾಕಿಗಳು ಕಡಿಮೆ. ಆದರೆ ಚಿತ್ರ ತೋರಿಸುವ ಮುಂಚೆ ಆರ್ಮ್‌ಹೋಲ್, ನಡುವಿನ ಹೊಲಿಗೆ, ಪಟ್ಟೆ ಈ ಮೂರನ್ನು ನೋಡಿ, ಹೊಲಿಯಲಾಗದ್ದು ಕಂಡರೆ ಆ ಚಿತ್ರವನ್ನು ಅಳಿಸಿಬಿಡಿ.

ಚಪ್ಪಲಿಜೋಡಿ

ತಿರುಗಿಸಿ ಇಡುವ ಉಪಾಯ ಮಾಡಿದೆ, ಜೊತೆ ಸರಿ ಬಂತು. ಪಟ್ಟಿಯ ಬಕಲ್ ಎರಡರಲ್ಲೂ ಹೊರಗಡೆಗೇ ಬಂದಿದೆ, ಅದು ಇರಬೇಕಾದದ್ದೂ ಹಾಗೇ. ನೆರಳು ಇನ್ನೂ ಎರಡು ಕಡೆಗೆ ಬೀಳುತ್ತಿದೆ. ಸೂಜಿದಾರ ಅಕ್ಕ ಮಾಡಿದ ಹಾಗೆ ಚಪ್ಪಲಿ ಬಿಟ್ಟು ನೆಲವನ್ನೆಲ್ಲ ಗುರುತು ಮಾಡಿ ಹೊಸದಾಗಿ ಮಾಡಿಸಿದರೆ ನೆರಳೂ ಹೊಸದಾಗಿ ಬೀಳುತ್ತದಾ?

ಸೂಜಿದಾರ

ನೆಲದ ಮೇಲಿನ ನೆರಳು ಬೀಳುತ್ತದೆ, ಯಾವ ಕಡೆಗೆ ಅಂತ ಬರೆಯಿರಿ. ಚಪ್ಪಲಿಯ ಮೈಮೇಲೇ ಇರುವ ನೆರಳು ಬದಲಾಗುವುದಿಲ್ಲ, ಅದು ಫೋಟೋದೊಳಗಿನದ್ದು. ಆದ್ದರಿಂದ ಮೊದಲನೆಯ ಚಪ್ಪಲಿಯನ್ನೇ ನೇರ ಮೇಲಿನಿಂದ ಬೆಳಕು ಬೀಳುವಂತೆ ಮಾಡಿಸಿಕೊಳ್ಳಿ. ಆಗ ತಿರುಗಿಸಿದರೂ ಎರಡೂ ಒಂದೇ ಥರ ಕಾಣುತ್ತವೆ.